ಸ್ಕ್ಯಾನ್ ಮಾಡಿದ ಗ್ರಾಫಿನಿಂದ ಅಂಕಿ ತೆಗೆಯಲು: ಎರಡು ಗುರುತು ಸಾಕೇ, ಮೂರು ಬೇಕೇ, ಐದು ಬೇಕೇ?

ಹಳೆಯ ವರದಿಯಲ್ಲೋ ಪುಸ್ತಕದಲ್ಲೋ ಒಂದು ಗ್ರಾಫ್ ಇದೆ. ಅದನ್ನು ಬರೆಯಲು ಬಳಸಿದ ಅಂಕಿಗಳ ಪಟ್ಟಿ ಮಾತ್ರ ಎಲ್ಲೂ ಸಿಗುತ್ತಿಲ್ಲ. ಕೈಯಲ್ಲಿರುವುದು ಒಂದು ಸ್ಕ್ಯಾನ್ ಚಿತ್ರ ಅಷ್ಟೇ. ಆ ಗೆರೆಯಿಂದ ಅಂಕಿಗಳನ್ನು ವಾಪಸ್ ಪಡೆಯಬೇಕು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಅಂತ. ನಾನು ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಸ್ಕ್ಯಾನ್ ಮಾಡುವಾಗ ಕಾಗದ ಹೇಗೆ ಕೂತಿತ್ತು? ನೇರವಾಗಿತ್ತಾ, ಸ್ವಲ್ಪ ಓರೆಯಾಗಿತ್ತಾ, ಇಲ್ಲ ಪುಸ್ತಕದ ಬೆನ್ನಿನ ಹತ್ತಿರ ಬಾಗಿತ್ತಾ? ಅಕ್ಷದ ಮೇಲಿನ ಎಷ್ಟು ಗುರುತುಗಳನ್ನು ಹಿಡಿದು ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಚಿತ್ರದ ಪಿಕ್ಸೆಲ್‌ಗೂ ಗ್ರಾಫಿನ ಬೆಲೆಗೂ ನಂಟು ಹಾಕಬೇಕು ಅನ್ನೋದು ಅದರ ಮೇಲೆ ನಿಂತಿದೆ. ಅದು ಗೊತ್ತಾದರೆ ಸಾಫ್ಟ್‌ವೇರ್ ಆರಿಸುವುದು ಸುಲಭ. ಅದು ತಪ್ಪಿದರೆ ಎಂಥ ಒಳ್ಳೆ ಸಾಫ್ಟ್‌ವೇರ್ ಕೂಡ ತಪ್ಪು ಅಂಕಿಯನ್ನೇ ನೀಟಾಗಿ ಕೊಡುತ್ತದೆ.

ಒಂದೇ ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ಬಿಸಿ ನೀರು ತಣ್ಣಗಾಗುವ ಗ್ರಾಫ್. ಅಡ್ಡ ಅಕ್ಷದಲ್ಲಿ 0ರಿಂದ 60 ನಿಮಿಷ, ಲಂಬ ಅಕ್ಷದಲ್ಲಿ 0ರಿಂದ 100 ಡಿಗ್ರಿ ಸೆಲ್ಸಿಯಸ್. 300 ಡಿಪಿಐನಲ್ಲಿ ಸ್ಕ್ಯಾನ್ ಆಗಿದೆ. ಚಿತ್ರದಲ್ಲಿ ಅಡ್ಡ ಅಕ್ಷ ಸುಮಾರು 1200 ಪಿಕ್ಸೆಲ್, ಲಂಬ ಅಕ್ಷ ಸುಮಾರು 800 ಪಿಕ್ಸೆಲ್ ಇದೆ. ಅಂದರೆ ಒಂದು ಪಿಕ್ಸೆಲ್‌ಗೆ ಅಡ್ಡಕ್ಕೆ 0.05 ನಿಮಿಷ, ಲಂಬಕ್ಕೆ 0.125 ಡಿಗ್ರಿ. ಈ ಎರಡು ಅಂಕಿಗಳನ್ನು ಮೊದಲೇ ಲೆಕ್ಕ ಹಾಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವ ತಪ್ಪು ದೊಡ್ಡದು, ಯಾವುದು ಬಿಟ್ಟುಬಿಡಬಹುದಾದ್ದು ಅಂತ ಅಳೆಯಲು ಇವೇ ಅಳತೆಗೋಲು.

ಎರಡು ಗುರುತಿನ ದಾರಿ

ಇದು ಎಲ್ಲಕ್ಕಿಂತ ಸರಳ. ಪ್ರತಿ ಅಕ್ಷದಲ್ಲೂ ಬೆಲೆ ಗೊತ್ತಿರುವ ಎರಡು ಗುರುತುಗಳ ಪಿಕ್ಸೆಲ್ ಸ್ಥಾನ ನೋಡುತ್ತೇವೆ. ಉಳಿದದ್ದೆಲ್ಲ ಅನುಪಾತ. ಜಿಂಪ್, ಪೇಂಟ್ ಥರದ ಯಾವುದೇ ಚಿತ್ರದ ಪ್ರೋಗ್ರಾಮಿನಲ್ಲಿ ಮೌಸ್ ಇಟ್ಟರೆ ಕೆಳಗಿನ ಪಟ್ಟಿಯಲ್ಲಿ ಸ್ಥಾನ ಕಾಣುತ್ತದೆ. ಅಳತೆ ಪಿಕ್ಸೆಲ್‌ನಲ್ಲೇ ಇದೆಯಾ, ಮಿಲಿಮೀಟರ್‌ನಲ್ಲಿ ತೋರಿಸುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ನಮ್ಮ ಚಿತ್ರದಲ್ಲಿ ಮೂಲಬಿಂದು (212, 1034)ರಲ್ಲಿದೆ. ಚಿತ್ರದ ಪಿಕ್ಸೆಲ್ ಎಣಿಕೆ ಮೇಲಿನ ಎಡ ಮೂಲೆಯಿಂದ ಶುರುವಾಗುತ್ತದೆ. ಹಾಗಾಗಿ ಕೆಳಗೆ ಹೋದಷ್ಟೂ ಎರಡನೇ ಅಂಕಿ ಜಾಸ್ತಿಯಾಗುತ್ತದೆ. ಗ್ರಾಫಿನ ಬೆಲೆ ಇದಕ್ಕೆ ಉಲ್ಟಾ. ಅದಕ್ಕೇ ಲಂಬ ಅಕ್ಷದ ಸೂತ್ರದಲ್ಲಿ ಕಳೆಯುವ ಕ್ರಮ ತಿರುಗುಮುರುಗಾಗಿದೆ. ಸ್ಪ್ರೆಡ್‌ಶೀಟಿನ A ಕಾಲಮ್ಮಿನಲ್ಲಿ ಅಡ್ಡ ಪಿಕ್ಸೆಲ್, Bಯಲ್ಲಿ ಲಂಬ ಪಿಕ್ಸೆಲ್ ಇದ್ದರೆ ಸೂತ್ರ ಹೀಗೆ:

```
=60*(A2-212)/1200
=100*(1034-B2)/800
```

ಹತ್ತಿಪ್ಪತ್ತು ಬಿಂದುಗಳಿದ್ದರೆ ಇಷ್ಟೇ ಸಾಕು. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಈ ದಾರಿಯಲ್ಲಿ ಎರಡು ವಿಷಯಕ್ಕೆ ಗಮನ ಕೊಡಿ. ಮೊದಲನೆಯದು, ಗುರುತುಗಳು ಒಂದಕ್ಕೊಂದು ಆದಷ್ಟು ದೂರ ಇರಲಿ. 0 ಮತ್ತು 100ರ ಗುರುತು ಹಿಡಿದರೆ, ಕ್ಲಿಕ್ಕಿನಲ್ಲಿ ಒಂದು ಪಿಕ್ಸೆಲ್ ತಪ್ಪಾದರೂ ಅದು 800ರಲ್ಲಿ ಹಂಚಿ ಹೋಗುತ್ತದೆ. ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಅಂತ 0 ಮತ್ತು 20ರ ಗುರುತು ಹಿಡಿದಿರಿ ಅಂದುಕೊಳ್ಳಿ. ಅವುಗಳ ನಡುವೆ ಇರುವುದು 160 ಪಿಕ್ಸೆಲ್ ಮಾತ್ರ. ಅದೇ ಒಂದು ಪಿಕ್ಸೆಲ್ ತಪ್ಪು ಮೇಲಕ್ಕೆ ಹೋಗುತ್ತಾ ಬೆಳೆದು, 100ರ ಹತ್ತಿರ 5 ಪಿಕ್ಸೆಲ್ ಆಗುತ್ತದೆ. ಅಂದರೆ 0.6 ಡಿಗ್ರಿ.

ಎರಡನೆಯದು, ಚೌಕಟ್ಟಿನ ಮೂಲೆಯನ್ನು ಗುರುತು ಅಂತ ನಂಬಬೇಡಿ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ಗ್ರಾಫಿನಲ್ಲಿ ಮೇಲಿನ ಚೌಕಟ್ಟಿನ ಗೆರೆಯನ್ನೇ 100 ಅಂತ ಹಿಡಿದೆ. ನಿಜವಾದ 100ರ ಗುರುತು ಅದಕ್ಕಿಂತ 24 ಪಿಕ್ಸೆಲ್ ಕೆಳಗಿತ್ತು. 800 ಇರಬೇಕಾದ ಜಾಗದಲ್ಲಿ 824 ಕೂತಿತು. ಪ್ರತಿ ಅಂಕಿಯೂ ಸುಮಾರು ನೂರಕ್ಕೆ ಮೂರರಷ್ಟು ಕಮ್ಮಿ ಬಂತು. ಗೆರೆಯ ಆಕಾರ ಸರಿಯಾಗೇ ಇತ್ತು, ಹಾಗಾಗಿ ನೋಡಿದರೆ ಅನುಮಾನವೇ ಬರಲಿಲ್ಲ. ಶುರುವಿನ ಉಷ್ಣತೆ 92 ಡಿಗ್ರಿ ಅಂತ ಅದೇ ಪುಟದ ಬರಹದಲ್ಲಿತ್ತು. ನನಗೆ ಬಂದದ್ದು 89.3. ಆಗಲೇ ಗೊತ್ತಾದದ್ದು.

ಓರೆಯಾಗಿದ್ದರೆ ಏನಾಗುತ್ತದೆ

ಈಗ ಅಡ್ಡ ಅಕ್ಷದ ಕೊನೆಗೆ ಹೋಗಿ, 60ರ ಗುರುತು ಎಲ್ಲಿದೆ ನೋಡೋಣ. ಕಾಗದ ನೇರವಾಗಿದ್ದರೆ ಅದು (1412, 1034)ರಲ್ಲಿ ಇರಬೇಕಿತ್ತು. ನಮ್ಮ ಚಿತ್ರದಲ್ಲಿ ಅದು (1412, 1055)ರಲ್ಲಿದೆ. 21 ಪಿಕ್ಸೆಲ್ ಕೆಳಗೆ. ಲಂಬ ಅಕ್ಷದ 100ರ ಗುರುತು (226, 234)ರಲ್ಲಿದೆ, ಅಂದರೆ 14 ಪಿಕ್ಸೆಲ್ ಬಲಕ್ಕೆ ವಾಲಿದೆ. ಎರಡೂ ಸೇರಿ ಹೇಳುವುದು ಒಂದೇ: ಕಾಗದ ಸರಿಯಾಗಿ ಒಂದು ಡಿಗ್ರಿ ಓರೆಯಾಗಿತ್ತು.

ಒಂದು ಡಿಗ್ರಿ ಅಂದರೆ ಕಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ. ಅಂಕಿಯಲ್ಲಿ ಅದರ ಪರಿಣಾಮ ನೋಡಿ. ಗೆರೆಯ ಮೇಲಿನ ಒಂದು ಬಿಂದು (1118, 730)ರಲ್ಲಿದೆ. ಮೇಲಿನ ಸರಳ ಸೂತ್ರ ಹಾಕಿದರೆ 45.3 ನಿಮಿಷ, 38.0 ಡಿಗ್ರಿ ಬರುತ್ತದೆ. ನಿಜವಾದ ಬೆಲೆ 45 ನಿಮಿಷ, 40 ಡಿಗ್ರಿ. ಎರಡು ಡಿಗ್ರಿ ತಪ್ಪು! ಒಂದು ಪಿಕ್ಸೆಲ್‌ಗೆ 0.125 ಡಿಗ್ರಿ ಅಂತ ಬರೆದಿಟ್ಟುಕೊಂಡಿದ್ದೆವಲ್ಲ, ಅದರ ಹದಿನಾರರಷ್ಟು. ಕೈ ನಡುಗಿ ಆಗುವ ತಪ್ಪು ಇದರ ಮುಂದೆ ಏನೂ ಅಲ್ಲ.

ಈ ತಪ್ಪಿನ ಇನ್ನೊಂದು ಗುಣವೂ ಗೊತ್ತಿರಲಿ. ಇದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎಡದ ತುದಿಯಲ್ಲಿ ಇರುವುದೇ ಇಲ್ಲ, ಬಲಕ್ಕೆ ಹೋದಷ್ಟೂ ಬೆಳೆಯುತ್ತದೆ. ನೀರು ನಿಜಕ್ಕಿಂತ ಬೇಗ ತಣ್ಣಗಾದ ಹಾಗೆ ಕಾಣುತ್ತದೆ. ಆ ಅಂಕಿಗಳಿಂದ ತಣಿಯುವ ವೇಗ ಲೆಕ್ಕ ಹಾಕಿದರೆ, ಸ್ಕ್ಯಾನರಿನ ಓರೆ ನೀರಿನ ಗುಣವಾಗಿ ಬಿಡುತ್ತದೆ.

ಇದನ್ನು ಸರಿಮಾಡಲು ಎರಡು ದಾರಿ. ಚಿತ್ರವನ್ನೇ ಒಂದು ಡಿಗ್ರಿ ತಿರುಗಿಸಿ ನೇರ ಮಾಡಬಹುದು. ಇಲ್ಲವೇ ಚಿತ್ರವನ್ನು ಮುಟ್ಟದೆ ಲೆಕ್ಕದಲ್ಲೇ ಸರಿಮಾಡಬಹುದು. ನನ್ನ ಒಲವು ಎರಡನೆಯದಕ್ಕೆ. ಚಿತ್ರ ತಿರುಗಿಸಿದಾಗ ಪ್ರತಿ ಪಿಕ್ಸೆಲ್ ಹೊಸದಾಗಿ ಲೆಕ್ಕವಾಗಿ ಗೆರೆಯ ಅಂಚು ಮಸುಕಾಗುತ್ತದೆ. ತಿರುಗಿಸಿದ ಕೋನ ಸ್ವಲ್ಪ ತಪ್ಪಿದ್ದರೆ ಅದೂ ಸೇರಿಕೊಳ್ಳುತ್ತದೆ. ಲೆಕ್ಕದಲ್ಲಿ ಸರಿಮಾಡಲು ಬೇಕಾದದ್ದು ಮೂರು ಗುರುತು: ಮೂಲಬಿಂದು, ಅಡ್ಡ ಅಕ್ಷದ ತುದಿ, ಲಂಬ ಅಕ್ಷದ ತುದಿ. ಓರೆ ಸಣ್ಣದಿದ್ದರೆ ಸ್ಪ್ರೆಡ್‌ಶೀಟ್ ಸೂತ್ರಕ್ಕೇ ಒಂದು ತುಂಡು ಸೇರಿಸಿದರೆ ಆಯಿತು:

```
=60*((A2-212)-(1034-B2)*14/800)/1200
=100*(1034+(A2-212)*21/1200-B2)/800
```

ಎರಡನೇ ಸಾಲು ನೋಡಿ. ಬಲಕ್ಕೆ ಹೋದಂತೆ ಅಡ್ಡ ಅಕ್ಷ ಎಷ್ಟು ಕೆಳಗಿಳಿದಿದೆಯೋ ಅಷ್ಟನ್ನು ಸೇರಿಸಿ, ಆ ಜಾಗದ ಸೊನ್ನೆ ಎಲ್ಲಿದೆ ಅಂತ ಮೊದಲು ಕಂಡುಕೊಳ್ಳುತ್ತದೆ. ಆಮೇಲೆ ಅಲ್ಲಿಂದ ಎತ್ತರ ಅಳೆಯುತ್ತದೆ. ಅದೇ ಬಿಂದುವಿಗೆ ಈಗ 45.03 ಮತ್ತು 39.98 ಬರುತ್ತದೆ. ಪಿಕ್ಸೆಲ್‌ಗಳನ್ನು ಪೂರ್ಣಾಂಕಕ್ಕೆ ತಂದದ್ದರಿಂದ ಉಳಿದ ಚೂರು ವ್ಯತ್ಯಾಸ ಅದು, ಬಿಟ್ಟುಬಿಡಬಹುದು.

ಹಾಗಾದರೆ ಎರಡು ಗುರುತಿನ ದಾರಿ ಯಾವಾಗ ಸಾಕು? ಅಡ್ಡ ಅಕ್ಷದ ಎರಡು ತುದಿಗಳ ಲಂಬ ಪಿಕ್ಸೆಲ್ ನೋಡಿ. ವ್ಯತ್ಯಾಸ ಒಂದೆರಡು ಪಿಕ್ಸೆಲ್ ಒಳಗಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಮೂರು ಗುರುತಿಗೆ ಹೋಗಿ. ಅರ್ಧ ನಿಮಿಷದ ಕೆಲಸ ಇದು, ಬಿಡಬೇಡಿ.

ಮೂರಕ್ಕಿಂತ ಜಾಸ್ತಿ ಗುರುತು ಯಾಕೆ

ಮೂರು ಗುರುತಿನ ದಾರಿಗೆ ಒಂದು ಕೊರತೆ ಇದೆ. ಅದು ತನ್ನ ತಪ್ಪನ್ನು ತಾನೇ ಹೇಳುವುದಿಲ್ಲ. ಮೂರು ಬಿಂದು ಕೊಟ್ಟರೆ ಲೆಕ್ಕ ಆ ಮೂರಕ್ಕೂ ಚೂರೂ ಬಿಡದೆ ಹೊಂದಿಕೊಳ್ಳುತ್ತದೆ, ನೀವು ಒಂದನ್ನು ಪೂರ್ತಿ ತಪ್ಪಾಗಿ ಕ್ಲಿಕ್ ಮಾಡಿದ್ದರೂ ಸಹ. ನಾಲ್ಕನೆಯದು, ಐದನೆಯದು ಸೇರಿಸಿದರೆ ಎಲ್ಲಕ್ಕೂ ಒಟ್ಟಿಗೆ ಹೊಂದಲು ಆಗುವುದಿಲ್ಲ. ಆಗ ಉಳಿಯುವ ವ್ಯತ್ಯಾಸವೇ ನಮಗೆ ಸುದ್ದಿ.

ನಮ್ಮ ಗ್ರಾಫಿಗೆ ಹಿಂದೆ ಚೌಕಳಿ ಗೆರೆಗಳಿವೆ ಅಂದುಕೊಳ್ಳಿ. ಹಾಗಾಗಿ ಮೇಲಿನ ಬಲ ಮೂಲೆಯ (60, 100) ಮತ್ತು ನಡುವಿನ (30, 50) ಕೂಡುಬಿಂದುಗಳೂ ಸಿಗುತ್ತವೆ. ಪೈಥಾನ್ ಗೊತ್ತಿದ್ದರೆ ಕೆಲಸ ಇಷ್ಟೇ:

```python
import numpy as np
# ಅಡ್ಡ ಪಿಕ್ಸೆಲ್, ಲಂಬ ಪಿಕ್ಸೆಲ್, ನಿಮಿಷ, ಡಿಗ್ರಿ
g = np.array([[212, 1034, 0, 0], [1412, 1055, 60, 0],
              [226, 234, 0, 100], [1426, 255, 60, 100],
              [819, 645, 30, 50]])
P = np.column_stack([g[:, :2], np.ones(len(g))])
M, *_ = np.linalg.lstsq(P, g[:, 2:], rcond=None)
print(np.round(g[:, 2:] - P @ M, 2))
print(np.round(np.array([1118, 730, 1]) @ M, 1))
```

ಮೊದಲ `print` ಪ್ರತಿ ಗುರುತಿನಲ್ಲೂ ಎಷ್ಟು ವ್ಯತ್ಯಾಸ ಉಳಿಯಿತು ಅಂತ ತೋರಿಸುತ್ತದೆ. ಎರಡನೆಯದು ನಮ್ಮ ಬಿಂದುವಿನ ಬೆಲೆ, 45 ಮತ್ತು 40. ಇಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಮೊದಲನೆಯದನ್ನೇ. ವ್ಯತ್ಯಾಸಗಳು ಒಂದು ಪಿಕ್ಸೆಲ್ ಬೆಲೆಯ ಆಸುಪಾಸಿನಲ್ಲಿ, ಕೆಲವು ಕೂಡಿ ಕೆಲವು ಕಳೆದು ಇದ್ದರೆ ಚಿಂತೆ ಇಲ್ಲ. ಒಂದೇ ಗುರುತು ತಪ್ಪಾಗಿದ್ದರೆ ಅದರ ವ್ಯತ್ಯಾಸ ಪಕ್ಕದವಕ್ಕೂ ಸ್ವಲ್ಪ ಹರಡುತ್ತದೆ. ಅನುಮಾನ ಬಂದದ್ದನ್ನು ಪಟ್ಟಿಯಿಂದ ತೆಗೆದು ಮತ್ತೆ ಓಡಿಸಿ. ತೆಗೆದದ್ದು ಮೂಲೆಯಾಗಿದ್ದು ಉಳಿದವೆಲ್ಲ ತಟ್ಟನೆ ಸಣ್ಣದಾದರೆ ಅಲ್ಲಿ ಅಥವಾ ಅದರ ಎದುರು ಮೂಲೆಯಲ್ಲಿ ಕ್ಲಿಕ್ ತಪ್ಪಿದೆ, ಇಲ್ಲವೇ ಬೆಲೆ ತಪ್ಪಾಗಿ ಟೈಪ್ ಆಗಿದೆ. ಯಾವ ಮೂಲೆ ತೆಗೆದರೂ ವ್ಯತ್ಯಾಸ ಹೋಗದೆ, ಅಂಚಿನಲ್ಲಿ ಒಂದು ಕಡೆಗೆ, ನಡುವೆ ಇನ್ನೊಂದು ಕಡೆಗೆ ವಾಲಿದ್ದರೆ ನಡುವಿನ ಕ್ಲಿಕ್ ತಪ್ಪಿದೆ, ಇಲ್ಲವೇ ಕಾಗದ ಬಾಗಿದೆ.

ಪುಸ್ತಕದ ಬೆನ್ನು ಮತ್ತು ಫೋನಿನ ಫೋಟೋ

ದಪ್ಪ ಪುಸ್ತಕವನ್ನು ಸ್ಕ್ಯಾನರ್ ಮೇಲೆ ಮಗುಚಿದಾಗ ಬೆನ್ನಿನ ಹತ್ತಿರದ ಪುಟ ಗಾಜಿನಿಂದ ಮೇಲೇಳುತ್ತದೆ. ಅಲ್ಲಿ ಅಂತರಗಳು ಕುಗ್ಗಿ ಕಾಣುತ್ತವೆ. ಇದು ಓರೆ ಅಲ್ಲ, ಹಾಗಾಗಿ ಮೂರು ಗುರುತೂ ಕೆಲಸಕ್ಕೆ ಬರುವುದಿಲ್ಲ.

ಗುರುತಿಸುವುದು ಸುಲಭ. ಅಡ್ಡ ಅಕ್ಷದ ಎಲ್ಲ ಗುರುತುಗಳ ಪಿಕ್ಸೆಲ್ ಬರೆದು ಪಕ್ಕಪಕ್ಕದ ಅಂತರ ನೋಡಿ. ಹತ್ತು ಹತ್ತು ನಿಮಿಷಕ್ಕೆ 200 ಪಿಕ್ಸೆಲ್ ಇರಬೇಕಾದಲ್ಲಿ 200, 200, 199, 197, 191, 183 ಅಂತ ಬಂತು ಅಂದುಕೊಳ್ಳಿ. ಬಲ ತುದಿ ಬೆನ್ನಿನ ಕಡೆಗಿದೆ ಅಂತ ಅರ್ಥ. ಒಟ್ಟು 1170 ಪಿಕ್ಸೆಲ್. ಎರಡು ತುದಿ ಮಾತ್ರ ಹಿಡಿದು ಅನುಪಾತ ಹಾಕಿದರೆ, ನಿಜವಾದ 40 ನಿಮಿಷದ ಗುರುತೇ 40.8 ಅಂತ ಓದುತ್ತದೆ.

ಇದಕ್ಕೆ ಮದ್ದು ತುಂಡು ತುಂಡಾಗಿ ಕ್ಯಾಲಿಬ್ರೇಟ್ ಮಾಡುವುದು. ಪ್ರತಿ ಎರಡು ಗುರುತುಗಳ ನಡುವೆ ಬೇರೆ ಬೇರೆ ಅನುಪಾತ. ಪೈಥಾನ್‌ನಲ್ಲಿ ಒಂದೇ ಸಾಲು:

```python
t = np.interp(px, [212, 412, 612, 811, 1008, 1199, 1382],
                  [0, 10, 20, 30, 40, 50, 60])
```

ಇದು ಹೊಂದುವುದು ಪುಸ್ತಕದ ಬೆನ್ನು ಲಂಬ ಅಕ್ಷಕ್ಕೆ ಸಮಾನಾಂತರವಾಗಿದ್ದಾಗ, ಪುಟ ನೇರವಾಗಿ ಕೂತಿದ್ದಾಗ. ಅಡ್ಡ ಅಕ್ಷದ ಗೆರೆಯೇ ಬಿಲ್ಲಿನ ಹಾಗೆ ಬಾಗಿ ಕಂಡರೆ ಲಂಬ ಬೆಲೆಯೂ ಕೆಟ್ಟಿದೆ. ಆಗ ಲೆಕ್ಕದಲ್ಲಿ ಒದ್ದಾಡುವ ಬದಲು, ಪುಸ್ತಕ ಕೈಗೆ ಸಿಗುವ ಹಾಗಿದ್ದರೆ ಪುಟವನ್ನು ಒತ್ತಿ ಹಿಡಿದು ಮತ್ತೆ ಸ್ಕ್ಯಾನ್ ಮಾಡಿ. ಅದಕ್ಕೆ ಸಮನಾದ ಮದ್ದಿಲ್ಲ.

ಫೋನಿನಲ್ಲಿ ತೆಗೆದ ಫೋಟೋದಲ್ಲಿ ಕೇಡು ಬೇರೆ ಥರ. ಫೋನ್ ಪುಟಕ್ಕೆ ನೇರವಾಗಿ ಹಿಡಿಯದೆ ಹೋದರೆ ಆಯತ ಹೋಗಿ ದೂರದ ಅಂಚು ಚಿಕ್ಕದಾಗಿ ಕಾಣುತ್ತದೆ. ಸಮಾನಾಂತರ ಗೆರೆಗಳು ಸಮಾನಾಂತರವಾಗಿ ಉಳಿಯುವುದಿಲ್ಲ. ಇಲ್ಲಿ ನಾಲ್ಕು ಮೂಲೆ ಬೇಕೇ ಬೇಕು. ಜಿಂಪ್‌ನ `Perspective` ಉಪಕರಣದಲ್ಲಿ `Corrective (Backward)` ಆರಿಸಿ, ಗ್ರಾಫಿನ ಚೌಕಟ್ಟಿನ ಮೇಲೆ ನಾಲ್ಕು ಮೂಲೆ ಕೂರಿಸಿದರೆ ಆಯತ ವಾಪಸ್ ಬರುತ್ತದೆ. ಚಿತ್ರವನ್ನು ಮುಟ್ಟಬೇಡಿ ಅಂತ ಮೇಲೆ ಹೇಳಿದ್ದೆ. ಇಲ್ಲಿ ಮಾತ್ರ ಮುಟ್ಟುವುದೇ ಸುಲಭ. ಆದರೆ ಕ್ಯಾಲಿಬ್ರೇಟ್ ಮಾಡುವ ಮುಂಚೆ ಮುಟ್ಟಿ. ಒಮ್ಮೆ ಗುರುತು ಹಿಡಿದ ಮೇಲೆ ಚಿತ್ರವನ್ನು ಕತ್ತರಿಸಿದರೆ, ಹಿಗ್ಗಿಸಿದರೆ, ಕುಗ್ಗಿಸಿದರೆ ಹಿಡಿದ ಪಿಕ್ಸೆಲ್‌ಗಳೆಲ್ಲ ಬೇರೆ ಜಾಗಕ್ಕೆ ಹೋಗಿರುತ್ತವೆ.

ಲಾಗ್ ಅಕ್ಷದ ಬಗ್ಗೆಯೂ ಎರಡು ಮಾತು. ಗುರುತುಗಳು 1ರಿಂದ 2ಕ್ಕೆ ಅಗಲ, 8ರಿಂದ 9ಕ್ಕೆ ಕಿರಿದು ಅಂತ ಒತ್ತೊತ್ತಾಗುತ್ತಾ ಹೋಗಿದ್ದರೆ ಅದು ಲಾಗ್. ಪಿಕ್ಸೆಲ್ ಅಲ್ಲಿ ಬೆಲೆಯ ಜೊತೆಗಲ್ಲ, ಬೆಲೆಯ ಲಾಗರಿದಮ್ ಜೊತೆ ಸಮವಾಗಿ ಏರುತ್ತದೆ. 1 ಮತ್ತು 10ರ ಸರಿ ಮಧ್ಯದ ಬಿಂದು 5.5 ಅಲ್ಲ, 3.16. 1ರಿಂದ 10ಕ್ಕೆ 200 ಪಿಕ್ಸೆಲ್ ಇದ್ದು, 1ರ ಗುರುತು 1034ರಲ್ಲಿದ್ದರೆ ಸೂತ್ರ `=10^((1034-B2)/200)`. ಇಲ್ಲಿ ಒಂದು ಪಿಕ್ಸೆಲ್ ತಪ್ಪಿದರೆ ಬೆಲೆ ಎಲ್ಲಿದ್ದರೂ ಸುಮಾರು ನೂರಕ್ಕೆ 1.2ರಷ್ಟು ತಪ್ಪುತ್ತದೆ. ಸಾಫ್ಟ್‌ವೇರ್ ಬಳಸುವವರು ಲಾಗ್ ಅಂತ ಟಿಕ್ ಮಾಡಲು ಮರೆಯಬಾರದು ಅಷ್ಟೇ.

ಈಗ ಸಾಫ್ಟ್‌ವೇರ್ ಮಾತು

ಹತ್ತಿಪ್ಪತ್ತು ಬಿಂದು, ಒಂದೇ ಗ್ರಾಫ್, ಇನ್ನೊಮ್ಮೆ ಈ ಕೆಲಸ ಬರುವುದಿಲ್ಲ ಅನ್ನುವವರಿಗೆ ಸ್ಪ್ರೆಡ್‌ಶೀಟ್ ಸಾಕು. ಏನಾಗುತ್ತಿದೆ ಅನ್ನೋದು ಕಣ್ಣೆದುರಿಗೇ ಇರುತ್ತದೆ. ಬಿಂದುಗಳು ಜಾಸ್ತಿಯಾದರೆ ಪಿಕ್ಸೆಲ್ ಅಂಕಿಗಳನ್ನು ಕೈಯಿಂದ ಟೈಪ್ ಮಾಡುವುದೇ ದೊಡ್ಡ ತಪ್ಪಿನ ಮೂಲವಾಗುತ್ತದೆ. 730 ಹೋಗಿ 703 ಆಗುವುದು ಎಷ್ಟು ಹೊತ್ತಿನ ಕೆಲಸ?

ಬಹಳಷ್ಟು ಜನರಿಗೆ ನಾನು ಹೇಳುವುದು ವೆಬ್‌ಪ್ಲಾಟ್‌ಡಿಜಿಟೈಸರ್. ಬ್ರೌಸರಿನಲ್ಲೇ ನಡೆಯುತ್ತದೆ. ಅದು X1, X2, Y1, Y2 ಅಂತ ನಾಲ್ಕು ಕ್ಲಿಕ್ ಕೇಳುತ್ತದೆ. X1, X2 ಎರಡನ್ನೂ ಅಡ್ಡ ಅಕ್ಷದ ಗೆರೆಯ ಮೇಲೆ, Y1, Y2 ಎರಡನ್ನೂ ಲಂಬ ಅಕ್ಷದ ಗೆರೆಯ ಮೇಲೆ ಇಡಿ. ಹಾಗಿಟ್ಟರೆ ಓರೆಯನ್ನು ಅದೇ ಸರಿಮಾಡಿಕೊಳ್ಳುತ್ತದೆ. ಬೆಲೆ ತುಂಬುವ ಕಿಟಕಿಯಲ್ಲಿ, ಅಕ್ಷಗಳು ಚಿತ್ರಕ್ಕೆ ಸರಿಯಾಗಿ ನೇರವಾಗಿವೆ ಅಂತ ಭಾವಿಸಿ ಓರೆ ತಿದ್ದುವುದನ್ನು ಬಿಡುವ ಒಂದು ಆಯ್ಕೆ ಇದೆ. ಸ್ಕ್ಯಾನ್ ಚಿತ್ರಕ್ಕೆ ಅದನ್ನು ಟಿಕ್ ಮಾಡಬೇಡಿ. ಟಿಕ್ ಮಾಡಿದರೆ ಮೇಲೆ ನೋಡಿದ ಆ ಎರಡು ಡಿಗ್ರಿ ತಪ್ಪು ವಾಪಸ್ ಬರುತ್ತದೆ. ಕ್ಲಿಕ್ ಮಾಡಿದ ಮೇಲೆ ಕೀಬೋರ್ಡಿನ ಬಾಣದ ಕೀಲಿಗಳಿಂದ ಗುರುತನ್ನು ಚೂರು ಚೂರೇ ಸರಿಸಬಹುದು. ಪಕ್ಕದ ಭೂತಗನ್ನಡಿ ಕಿಟಕಿ ನೋಡಿಕೊಂಡು, ಗುರುತಿನ ಗೆರೆಯ ದಪ್ಪದ ನಡುವಿಗೆ ತನ್ನಿ.

ಎನ್‌ಗೇಜ್ ಡಿಜಿಟೈಸರ್ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವಂಥದ್ದು. ಇದು ಸಾಮಾನ್ಯವಾಗಿ ಮೂರು ಬಿಂದು ಕೇಳುತ್ತದೆ, ಪ್ರತಿಯೊಂದಕ್ಕೂ ಎರಡೂ ಬೆಲೆ ಕೊಡಬೇಕು. ಚೌಕಳಿ ಗೆರೆ ಇರುವ ಗ್ರಾಫಿಗೆ ಇದು ಹೇಳಿ ಮಾಡಿಸಿದ್ದು. ಅಡ್ಡ ಅಕ್ಷದ ಮೇಲೇ ಇರಬೇಕು ಅಂತಿಲ್ಲ, ಯಾವುದೇ ಮೂರು ಕೂಡುಬಿಂದು ಹಿಡಿಯಬಹುದು. ಮೂರೂ ಒಂದೇ ಗೆರೆಯಲ್ಲಿ ಇರಬಾರದು ಅಷ್ಟೇ. ಒಂದೇ ಗ್ರಾಫಿನಲ್ಲಿ ನಾಲ್ಕೈದು ಗೆರೆಗಳಿದ್ದು, ಎಲ್ಲದರ ಬೆಲೆಯೂ ಒಂದೇ ನಿಮಿಷಗಳಲ್ಲಿ ಬೇಕು ಅಂದರೆ ನಾನು ಇದನ್ನೇ ತೆಗೆಯುವುದು. ಹೊರಗೆ ಕಳಿಸುವಾಗ ಎಲ್ಲ ಗೆರೆಗಳನ್ನೂ ಒಂದೇ ಅಡ್ಡ ಬೆಲೆಗಳಿಗೆ ಹೊಂದಿಸಿ ಕೊಡುತ್ತದೆ.

ಪೈಥಾನ್ ಯಾರಿಗೆ? ಬಾಗಿದ ಪುಟ ಇರುವವರಿಗೆ, ಒಂದೇ ಅಚ್ಚಿನ ಮೂವತ್ತು ನಲವತ್ತು ಗ್ರಾಫ್ ಇರುವವರಿಗೆ, ಎಷ್ಟು ತಪ್ಪಿದೆ ಅಂತ ಅಂಕಿಯಲ್ಲಿ ಹೇಳಬೇಕಾದವರಿಗೆ.

ಇನ್ನೊಂದು ಮಾತು. ಗ್ರಾಫ್ ಪಿಡಿಎಫ್ ಒಳಗಿದ್ದರೆ ಸ್ಕ್ರೀನ್‌ಶಾಟ್ ತೆಗೆಯಬೇಡಿ. ಟರ್ಮಿನಲ್‌ನಲ್ಲಿ `pdfimages -png varadi.pdf chitra` ಅಂತ ಕೊಟ್ಟರೆ ಒಳಗಿರುವ ಮೂಲ ಚಿತ್ರ ಪೂರ್ತಿ ಗಾತ್ರದಲ್ಲಿ ಹೊರಬರುತ್ತದೆ. ಗ್ರಾಫ್ ಇದ್ದ ಪುಟದಿಂದ ಚಿತ್ರವೇ ಬರದಿದ್ದರೆ ಗಮನಿಸಿ, ಅದು ಸ್ಕ್ಯಾನ್ ಅಲ್ಲ, ವೆಕ್ಟರ್ ಗೆರೆ. ಅದಕ್ಕೆ ಪಿಕ್ಸೆಲ್ ಲೆಕ್ಕವೇ ಬೇಡ, ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಗೆರೆಯ ಬಿಂದುಗಳೇ ಸಿಗುತ್ತವೆ.

ಕೈಯಲ್ಲಿ ಕ್ಲಿಕ್ಕೋ, ತಾನಾಗೇ ಹಿಡಿಯಲೋ

ಕ್ಯಾಲಿಬ್ರೇಷನ್ ಆದ ಮೇಲೆ ಗೆರೆಯ ಬಿಂದುಗಳನ್ನು ಹಿಡಿಯಬೇಕು. ಗೆರೆ ಬಣ್ಣದ್ದಾಗಿದ್ದು, ಬೇರೆಲ್ಲ ಕಪ್ಪಿದ್ದರೆ ತಾನಾಗೇ ಹಿಡಿಯುವ ದಾರಿ ಒಳ್ಳೆಯದು. 300 ಡಿಪಿಐನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ಸುಮಾರು 6 ಪಿಕ್ಸೆಲ್ ಇರುತ್ತದೆ. ನಮ್ಮ ಗ್ರಾಫಿನಲ್ಲಿ ಅದು 0.75 ಡಿಗ್ರಿ. ಕೈಯಿಂದ ಕ್ಲಿಕ್ ಮಾಡುವವರಿಗೆ ಗೊತ್ತಿಲ್ಲದೆಯೇ ಗೆರೆಯ ಮೇಲಂಚು ಹಿಡಿಯುವ ಅಭ್ಯಾಸ ಇದ್ದರೆ, ಎಲ್ಲ ಅಂಕಿಗಳೂ ಸುಮಾರು 0.4 ಡಿಗ್ರಿ ಮೇಲೆ ಕೂರುತ್ತವೆ. ಪ್ರೋಗ್ರಾಮು ದಪ್ಪದ ಸರಾಸರಿ ತೆಗೆದು ನಡುವನ್ನೇ ಕೊಡುತ್ತದೆ.

ಕಪ್ಪು ಬಿಳುಪು ಸ್ಕ್ಯಾನ್ ಆದರೆ ಕಥೆ ಬೇರೆ. ಗೆರೆ, ಚೌಕಳಿ, ಅಕ್ಷರ ಎಲ್ಲ ಒಂದೇ ಕಪ್ಪು. ಬಣ್ಣ ನೋಡಿ ಬೇರ್ಪಡಿಸುವ ಪ್ರೋಗ್ರಾಮಿಗೆ ಯಾವುದು ಗೆರೆ ಅಂತ ತಿಳಿಯುವುದಿಲ್ಲ. ಎರಡು ಗೆರೆ ಒಂದನ್ನೊಂದು ದಾಟುವ ಜಾಗದಲ್ಲಿ ಅದು ಇದರಿಂದ ಅದಕ್ಕೆ ಹಾರಿಬಿಡುತ್ತದೆ. ಚೌಕಳಿ ಗೆರೆ ಬಂದ ಕಡೆಯೆಲ್ಲ ಮುಳ್ಳಿನಂತೆ ಎದ್ದ ಬಿಂದು ಬರುತ್ತದೆ. ಇಂಥದ್ದನ್ನು ಸರಿಮಾಡುವ ಹೊತ್ತಿಗೆ ಕೈಯಲ್ಲೇ ಮೂವತ್ತು ಬಿಂದು ಕ್ಲಿಕ್ ಮಾಡಿ ಮುಗಿಸಬಹುದು. ನಾನಂತೂ ಹಾಗೇ ಮಾಡುವುದು.

ಗೆರೆಯ ಮೇಲೆ ಸಣ್ಣ ವೃತ್ತ, ಚೌಕ ಥರದ ಗುರುತುಗಳಿದ್ದರೆ ಅವನ್ನು ಮಾತ್ರ ಹಿಡಿಯಿರಿ. ನಿಜವಾಗಿ ಅಳೆದದ್ದು ಅವನ್ನೇ. ನಡುವಿನ ಗೆರೆ ಸುಮ್ನೆ ಜೋಡಿಸಿದ್ದು ಇರಬಹುದು. ಹನ್ನೆರಡು ವೃತ್ತ ಇರುವ ಗ್ರಾಫಿನಿಂದ ತಾನಾಗೇ ಆರುನೂರು ಬಿಂದು ತೆಗೆದು, ಅಷ್ಟೂ ಅಳತೆಗಳು ಅಂತ ಮುಂದಿನ ಲೆಕ್ಕಕ್ಕೆ ಹಾಕಿದರೆ ಬರುವ ಖಚಿತತೆ ಬರೀ ತೋರಿಕೆ. ಅಳೆದವರು ಅಳೆದದ್ದು ಹನ್ನೆರಡೇ ಅಲ್ವಾ?

ಒಪ್ಪುವ ಮುಂಚೆ

ಮೂರು ಪರೀಕ್ಷೆ ಮಾಡಿ. ಕ್ಯಾಲಿಬ್ರೇಟ್ ಮಾಡಲು ಬಳಸದ ಒಂದು ಗುರುತನ್ನು ಬಿಂದು ಅಂತಲೇ ಕ್ಲಿಕ್ ಮಾಡಿ. 30ರ ಗುರುತು 30.0 ಅಂತ ಓದಬೇಕು. 30.4 ಬಂದರೆ ಅದು 8 ಪಿಕ್ಸೆಲ್, ಕೈ ತಪ್ಪಿ ಅಷ್ಟು ಆಗುವುದಿಲ್ಲ. ಹಿಂದಕ್ಕೆ ಹೋಗಿ ನೋಡಿ.

ಎರಡನೆಯದು, ತೆಗೆದ ಬಿಂದುಗಳಲ್ಲಿ ಐದಾರನ್ನು ಮರುದಿನ ಹಳೆಯ ಅಂಕಿ ನೋಡದೆ ಮತ್ತೆ ಕ್ಲಿಕ್ ಮಾಡಿ. ಎರಡು ಸಲದ ನಡುವಿನ ವ್ಯತ್ಯಾಸವೇ ನಿಮ್ಮ ಕೈಯ ತಪ್ಪು. ಇದು ನಮ್ಮ ಗ್ರಾಫಿನಲ್ಲಿ 0.2 ಡಿಗ್ರಿ ಆಸುಪಾಸು ಬಂದರೆ ಕೆಲಸ ಚೆನ್ನಾಗಿದೆ. ಮೂರನೆಯದು, ತೆಗೆದ ಅಂಕಿಗಳಿಂದ ಹೊಸ ಗ್ರಾಫ್ ಬರೆದು ಸ್ಕ್ಯಾನ್ ಮೇಲೆ ಹೊದಿಸಿ. ಹೊಸ ಗೆರೆ ಬಲ ತುದಿಯಲ್ಲಿ ಮಾತ್ರ ಜಾರಿದ್ದರೆ ಓರೆ ಉಳಿದಿದೆ. ನಡುವೆ ಮಾತ್ರ ಜಾರಿದ್ದರೆ ಪುಟ ಬಾಗಿದೆ. ಆದರೆ ಚೌಕಟ್ಟಿಗೆ ಚೌಕಟ್ಟು ಕೂರಿಸಿ ಹೊದಿಸಬೇಡಿ, ಅಕ್ಷದ 100ರ ಗುರುತಿಗೆ 100ರ ಗುರುತು ಕೂರಿಸಿ. ಇಲ್ಲದಿದ್ದರೆ ನನ್ನ ಹಾಗೆ ಮೂಲೆಯನ್ನೇ 100 ಅಂದುಕೊಂಡ ತಪ್ಪು ಇಲ್ಲೂ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಕೊನೆಗೆ ಅಂಕಿ ಬರೆಯುವಾಗ ಪ್ರೋಗ್ರಾಮು ಕೊಟ್ಟ 39.9703 ಅನ್ನು ಹಾಗೇ ಇಳಿಸಬೇಡಿ. ಒಂದು ಪಿಕ್ಸೆಲ್‌ಗೆ 0.125 ಡಿಗ್ರಿ ಇರುವ ಚಿತ್ರದಿಂದ ದಶಮಾಂಶದ ಎರಡನೇ ಸ್ಥಾನ ಬರಲಾರದು. 40.0 ಅಂತ ಬರೆದು, ಪಕ್ಕದಲ್ಲಿ ±0.3 ಅಂತ ಹಾಕಿ. ಜೊತೆಗೆ ಹಿಡಿದ ಗುರುತುಗಳ ಪಿಕ್ಸೆಲ್ ಪಟ್ಟಿ ಮತ್ತು ಆ ಚಿತ್ರದ ಫೈಲನ್ನು ಅಂಕಿಗಳ ಪಕ್ಕದಲ್ಲೇ ಇಟ್ಟಿರಿ. ಯಾರಾದರೂ ಒಂದು ಬಿಂದುವಿನ ಬಗ್ಗೆ ಕೇಳಿದರೆ ಅದೇ ಜಾಗಕ್ಕೆ ಹೋಗಿ ಮತ್ತೆ ಕ್ಲಿಕ್ ಮಾಡಿ ತೋರಿಸಬಹುದು.